ಸರ ಮೈಗೆ ಕೂರಬೇಕಾದರೆ: ವರ್ಚುವಲ್ ಟ್ರೈ-ಆನ್ ಕೆಲಸದಿಂದ ಕಲಿತದ್ದು

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಸಾಫ್ಟ್‌ವೇರ್ ತಂಡ. ಒಡವೆ ಅಂಗಡಿಗಳಿಗೆ ಟ್ರೈ-ಆನ್ ಮಾಡಿಕೊಡುತ್ತೇವೆ. ಗಿರಾಕಿ ಫೋನಿನ ಮುಂದಿನ ಕ್ಯಾಮೆರಾ ತೆರೆದರೆ ಸಾಕು, ಜುಮುಕಿ, ನೆಕ್ಲೇಸ್ ಹಾಕಿಕೊಂಡ ಹಾಗೆ ಕಾಣಬೇಕು. ಮಂಡಿಪೇಟೆಯ ಒಂದು ಅಂಗಡಿಗೆ ಗಿಡ್ಡ ಕಾಸಿನ ಸರದ ಮೊದಲ ನಮೂನೆ ತೋರಿಸಿದಾಗ ಅಲ್ಲಿನ ಹಿರಿಯ ಸೇಲ್ಸ್‌ಮನ್ ಸ್ವಲ್ಪ ಹೊತ್ತು ನೋಡಿ ಹೇಳಿದರು: "ತಮ್ಮಾ, ಬಂಗಾರ ಚೆನ್ನಾಗಿ ಬಂದೈತಿ. ಆದ್ರೆ ಸರ ಮೈಗೆ ಕೂತಿಲ್ಲ."

ಈ ಕೆಲಸದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಹೊಳಪಿನ ಕಡೆ. ಆದರೆ ನೋಡುವವರಿಗೆ ನಂಬಿಕೆ ಬರುವುದು ಒಡವೆ ಚರ್ಮವನ್ನು ಮುಟ್ಟುವ ಜಾಗದಲ್ಲಿ. ಅಲ್ಲಿ ತಪ್ಪಿದರೆ ಎಷ್ಟು ಹೊಳೆದರೂ ಸರ ಗಾಳಿಯಲ್ಲಿ ತೇಲುತ್ತದೆ. ಹಾಗಾಗಿ ಆ ಕಾಸಿನ ಸರವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಕುತ್ತಿಗೆಯ ಆಕಾರ. ಗೂಗಲ್‌ನ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್‌ನಲ್ಲಿರುವ ಫೇಸ್ ಮೆಶ್ ಮುಖದ ಮೇಲೆ 468 ಬಿಂದು ಕೊಡುತ್ತದೆ. ಅದು ಗಲ್ಲದ ಅಂಚಿಗೆ ಮುಗಿಯುತ್ತದೆ. ಕುತ್ತಿಗೆ ಇಲ್ಲ, ಕಿವಿಯೂ ಇಲ್ಲ. ಕುತ್ತಿಗೆಯ ಜಾಗಕ್ಕೆ ಸುಮ್ನೆ ಒಂದು ಸಿಲಿಂಡರ್ ಇಡುವವರೇ ಜಾಸ್ತಿ. ಆದರೆ ಕುತ್ತಿಗೆ ಸಿಲಿಂಡರ್ ಅಲ್ವಲ್ಲ. ಗಂಟಲ ಕೆಳಗೆ ಒಂದು ಗುಳಿ ಇದೆ, ಎರಡು ಕಡೆ ಕಾಲರ್ ಬೋನ್ ಎದ್ದಿದೆ, ಭುಜದ ಕಡೆ ಚರ್ಮ ಹಿಂದಕ್ಕೆ ಬಾಗುತ್ತದೆ. ಕಾಸಿನ ಸರ ಈ ಏರುತಗ್ಗಿನ ಮೇಲೆಯೇ ಮಲಗುತ್ತದೆ.

ನಾವು ಮಾಡುವುದು ಹೀಗೆ. ಕುತ್ತಿಗೆ, ಭುಜ, ಎದೆಯ ಮೇಲ್ಭಾಗ ಸೇರಿದ ಒಂದು ಸಾಮಾನ್ಯ ಮೆಶ್, ಅಂದರೆ ಬಿಂದುಗಳನ್ನು ಜೋಡಿಸಿ ಕಟ್ಟಿದ ಬಲೆಯಂಥ ಆಕಾರ, ಇಟ್ಟುಕೊಂಡು, ಗಲ್ಲದ ಅಗಲ ಮತ್ತು ಎರಡು ಭುಜದ ಬಿಂದು ನೋಡಿ ಅದನ್ನು ಹಿಗ್ಗಿಸುತ್ತೇವೆ ಅಥವಾ ಕುಗ್ಗಿಸುತ್ತೇವೆ. ಆಮೇಲೆ ಒಂದೊಂದು ಕಾಸಿಗೂ ಅದರ ಕೆಳಗಿನ ಚರ್ಮ ಯಾವ ಕಡೆ ಮುಖ ಮಾಡಿದೆ ಎಂದು ಕೇಳಿ, ಕಾಸನ್ನು ಆ ಕಡೆಗೇ ತಿರುಗಿಸಿ ಮಲಗಿಸುತ್ತೇವೆ. ಸರಿ ಬಂದಿದೆಯೋ ಇಲ್ಲವೋ ತಿಳಿಯಲು ಪಕ್ಕದ ಕಾಸುಗಳನ್ನು ನೋಡಬೇಕು. ನಡುವಿನ ಕಾಸು ದುಂಡಗೆ ಕಾಣುತ್ತದೆ. ಕ್ಯಾಮೆರಾದಿಂದ 60 ಡಿಗ್ರಿ ತಿರುಗಿದ ಕಾಸು ಅರ್ಧ ಅಗಲಕ್ಕೆ ಇಳಿದು ಮೊಟ್ಟೆಯಾಕಾರ ಆಗಬೇಕು. ಕಿವಿಯ ಕೆಳಗಿನವರೆಗೂ ಎಲ್ಲ ಕಾಸು ಒಂದೇ ಅಗಲ ಇದ್ದರೆ ಸರವನ್ನು ಚಪ್ಪಟೆ ಹಾಳೆಯ ಮೇಲೆ ಬಿಡಿಸಿದ್ದಾರೆ ಎಂದೇ ಅರ್ಥ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಭುಜ ಅಲ್ಲಾಡಿಸದೆ ತಲೆ ಮಾತ್ರ ತಿರುಗಿಸಿ. ಜುಮುಕಿ ತಲೆಯ ಜೊತೆ ಹೋಗಬೇಕು, ಸರ ಭುಜದ ಜೊತೆ ನಿಲ್ಲಬೇಕು. ಸರವೂ ಮುಖದ ಹಿಂದೆ ತಿರುಗಿದರೆ ಅದನ್ನು ಮುಖದ ಬಿಂದುಗಳಿಗೇ ಕಟ್ಟಿದ್ದಾರೆ.

ಈಗ ನೆರಳು. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಸಾಮಾನ್ಯವಾಗಿ ನೆರಳಿಗೆ ಶ್ಯಾಡೋ ಮ್ಯಾಪ್ ಬಳಸುತ್ತಾರೆ, ಅಂದರೆ ಬೆಳಕಿನ ಕಡೆಯಿಂದ ಒಂದೊಂದು ಬಿಂದು ಎಷ್ಟು ದೂರ ಇದೆ ಎಂದು ತೋರಿಸುವ ನಕ್ಷೆ. ತಲೆ ಮತ್ತು ಭುಜ ಸೇರಿ ಸುಮಾರು 60 ಸೆಂಟಿಮೀಟರ್ ಜಾಗವನ್ನು 1024 ಚುಕ್ಕೆಗಳ ನಕ್ಷೆಯಲ್ಲಿ ಹಿಡಿದರೆ ಒಂದು ಚುಕ್ಕೆಗೆ 0.6 ಮಿಲಿಮೀಟರ್ ಹತ್ತಿರ ಬರುತ್ತದೆ. ಕಾಸಿನ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಮೇಲ್ಮೈ ತನ್ನ ಮೇಲೆ ತಾನೇ ಗೆರೆಗೆರೆ ನೆರಳು ಬೀಳಿಸಿಕೊಳ್ಳಬಾರದು ಎಂದು ಬಯಾಸ್ ಅನ್ನುವ ಸಣ್ಣ ಅಂತರ ಸೇರಿಸಲೇಬೇಕು. ಆ ಅಂತರವೇ ಕಾಸಿನ ದಪ್ಪದಷ್ಟು ಆಗಿಬಿಡುತ್ತದೆ. ಆಗ ನೆರಳು ಬೇಕೇಬೇಕಾದ ಜಾಗದಲ್ಲಿ, ಕಾಸಿನ ಅಂಚಿನಲ್ಲೇ, ಮಾಯವಾಗುತ್ತದೆ. ಸರ ತೇಲುವುದಕ್ಕೆ ಮುಖ್ಯ ಕಾರಣ ಇದು.

ಹಾಗಾಗಿ ಮುಟ್ಟುವ ಜಾಗದ ನೆರಳನ್ನು ಬೆಳಕಿನ ಲೆಕ್ಕದಿಂದ ಬೇರೆ ಮಾಡಿದೆವು. ಚರ್ಮದ ಪ್ರತಿ ಬಿಂದುವಿನಿಂದ ಒಡವೆಗೆ ಎಷ್ಟು ದೂರ, ಅಷ್ಟೇ ಕೇಳುವುದು. ಮುಟ್ಟಿದ ಕಡೆ ನೆರಳು ಪೂರ್ತಿ, ನಾಲ್ಕು ಮಿಲಿಮೀಟರ್ ಹೊತ್ತಿಗೆ ಏನೂ ಇಲ್ಲ:

```
float k = 1.0 - smoothstep(0.0, 4.0, d);
vec3 tint = mix(vec3(1.0), vec3(0.62, 0.45, 0.40), k);
color = skin * tint;
```

ಇಲ್ಲಿ `d` ಮಿಲಿಮೀಟರ್ ಲೆಕ್ಕದ ದೂರ. ಎರಡನೇ ಸಾಲಿನಲ್ಲಿ ಕೆಂಪು ಕಡಿಮೆ ಇಳಿದು, ಹಸಿರು ಮತ್ತು ನೀಲಿ ಜಾಸ್ತಿ ಇಳಿದಿವೆ, ನೋಡಿ. ಬೆಳಕು ಚರ್ಮದ ಒಳಗೆ ಸ್ವಲ್ಪ ಹೊಕ್ಕು, ಹರಡಿ, ಹೊರಗೆ ಬರುತ್ತದೆ. ಒಳಗೆ ಜಾಸ್ತಿ ದೂರ ಹೋಗುವುದು ಕೆಂಪು. ಅದಕ್ಕೇ ಚರ್ಮದ ಮೇಲಿನ ನೆರಳಿನ ಅಂಚು ಬೆಚ್ಚಗಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಬರೀ ಕಪ್ಪು ಬಣ್ಣವನ್ನು ಅರೆಪಾರದರ್ಶಕ ಮಾಡಿ ಹಾಕಿದರೆ, ಅದರಲ್ಲೂ ಎಣ್ಣೆಗೆಂಪು ಮೈಬಣ್ಣದವರ ಮೇಲೆ, ಬೂದಿ ಬಳಿದ ಹಾಗೆ ಕಾಣುತ್ತದೆ. ನಮ್ಮ ಗಿರಾಕಿಗಳಲ್ಲಿ ಆ ಬಣ್ಣದವರೇ ಜಾಸ್ತಿ. ಬಿಳಿ ಮಾಡೆಲ್‌ಗಳ ಫೋಟೊ ಮೇಲೆ ಹೊಂದಿಸಿದ ಸಂಖ್ಯೆಗಳನ್ನು ಅವರ ಮೇಲೆ ಹೇರುವುದು ನನಗೆ ಒಪ್ಪಿಗೆ ಇಲ್ಲ.

ಜುಮುಕಿಗೆ ಇದೇ ನೆರಳು ಹಾಕಿದರೆ ಕೆಡುತ್ತದೆ. ಜುಮುಕಿ ಮುಟ್ಟುವುದು ಕಿವಿಯ ಹಾಲೆಯನ್ನು ಮಾತ್ರ. ಬುಟ್ಟಿ ಕುತ್ತಿಗೆಯಿಂದ ದೂರ ತೂಗುತ್ತದೆ. ಹಾಲೆಯ ಹತ್ತಿರ ಮೇಲಿನ ಲೆಕ್ಕವೇ ಸರಿ. ಕುತ್ತಿಗೆಯ ಮೇಲೆ ಬೇಕಾದದ್ದು ಅಂಚು ಕಳೆದುಕೊಂಡ, ತೆಳುವಾದ ನೆರಳು. ವಸ್ತು ಚರ್ಮದಿಂದ ದೂರ ಹೋದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಅಂಚು ಚೂಪಾಗಿದ್ದರೆ ಬುಟ್ಟಿ ಕುತ್ತಿಗೆಗೆ ಅಂಟಿಕೊಂಡಂತೆ ಕಾಣುತ್ತದೆ. ತಲೆ ತಿರುಗಿದಾಗ ಆಚೆ ಕಿವಿಯ ಜುಮುಕಿ ಮರೆಯಾಗಬೇಕಲ್ಲ, ಅದಕ್ಕೆ ಕಣ್ಣಿಗೆ ಕಾಣದ ಒಂದು ತಲೆಯ ಮೆಶ್ ಇಡುತ್ತೇವೆ. ಬ್ರೌಸರ್‌ನಲ್ಲಿ 3ಡಿ ಬಿಡಿಸುವ ತ್ರೀ.ಜೆಎಸ್‌ನಲ್ಲಿ ಆ ಮೆಶ್‌ನ ಮಟೀರಿಯಲ್‌ಗೆ `colorWrite = false` ಕೊಟ್ಟು, ಒಡವೆಗಿಂತ ಮೊದಲು ಬಿಡಿಸಿದರೆ ಆಯಿತು.

ಕೊನೆಗೆ ಹೊಳಪು. ಲೋಹಕ್ಕೆ ಸುತ್ತಲಿನದನ್ನು ತೋರಿಸುವುದು ಬಿಟ್ಟರೆ ಬೇರೆ ಬಣ್ಣ ಇಲ್ಲ. ಬಂಗಾರ ತೋರಿಸುವಾಗ ಅದಕ್ಕೆ ಹಳದಿ ಬೆರೆಸುತ್ತದೆ, ಅಷ್ಟೇ. ಲೋಹದಲ್ಲಿ ಪ್ರತಿಬಿಂಬಿಸಲೆಂದು ಸ್ಟುಡಿಯೋದ ಸುತ್ತಲಿನ ದೃಶ್ಯ ಹಿಡಿದ ಪರಿಸರ ಚಿತ್ರ ಹಾಕಿದರೆ, ಟ್ಯೂಬ್‌ಲೈಟ್ ಕೆಳಗೆ ಕೂತ ಹುಡುಗಿಯ ಸರದಲ್ಲಿ ಸ್ಟುಡಿಯೋ ದೀಪ ಹೊಳೆಯುತ್ತದೆ. ಬ್ರೌಸರ್‌ನಲ್ಲಿ ಮುಂದಿನ ಕ್ಯಾಮೆರಾ ಕೋಣೆಯ ಬೆಳಕನ್ನು ಹೇಳುವುದಿಲ್ಲ. ಅದಕ್ಕೆ ಎಡ ಕೆನ್ನೆ, ಬಲ ಕೆನ್ನೆ, ಹಣೆ ಇವುಗಳ ಬೆಳಕನ್ನು ಹೋಲಿಸಿ ದಿಕ್ಕು ಅಂದಾಜು ಮಾಡುತ್ತೇವೆ. ಸೆಲ್ಫಿ ವಿಡಿಯೊ ಎಡ-ಬಲ ತಿರುಗಿಸಿ ತೋರಿಸುವುದರಿಂದ, ಪ್ರತಿಬಿಂಬವನ್ನೂ ಅದರ ಜೊತೆಗೇ ತಿರುಗಿಸಬೇಕು. ಇಲ್ಲದಿದ್ದರೆ ಕೆನ್ನೆ ಎಡಕ್ಕೆ ಬೆಳಗಿರುತ್ತದೆ, ಕಾಸು ಬಲಕ್ಕೆ ಮಿಂಚುತ್ತದೆ.

ಕಾಸಿನ ಬಾಗಿದ ಅಂಚು ಚರ್ಮದ ಕಡೆಗೇ ನೋಡುತ್ತಿರುತ್ತದೆ. ಅಲ್ಲಿ ಕಾಣಬೇಕಾದದ್ದು ಚರ್ಮದ ಬಣ್ಣ. ಪರಿಸರ ಚಿತ್ರದಲ್ಲಿ ಆ ಮೈ ಇರುವುದೇ ಇಲ್ಲವಲ್ಲ. ಪ್ರತಿಫಲಿಸಿದ ಕಿರಣ ಕುತ್ತಿಗೆಯ ಮೆಶ್‌ಗೆ ತಾಗಿದರೆ ವಿಡಿಯೊದಿಂದ ಆ ಜಾಗದ ಬಣ್ಣ ತೆಗೆದು ಕೊಡುತ್ತೇವೆ. ಆಗ ಅಂಚು ಕೆಂಪಾಗಿ ಆಳಕ್ಕಿಳಿದು, ಸರ ಆ ಮೈಗೇ ಸೇರಿದ್ದು ಅನ್ನಿಸುತ್ತದೆ.

ಅಂಗಡಿಗೆ ಕೊಡುವ ಮುಂಚೆ ನಾವು ಬಂಗಾರವನ್ನು ಪೂರ್ತಿ ಮರೆಮಾಡಿ, ನೆರಳಿನ ಪದರ ಮಾತ್ರ ಬಿಟ್ಟು ನೋಡುತ್ತೇವೆ. ಬರೀ ನೆರಳಿನಲ್ಲೇ ಇದು ಕಾಸಿನ ಸರ ಎಂದು ಗೊತ್ತಾಗಬೇಕು, ಒಂದೊಂದು ಕಾಸಿನ ಅಂಚೂ ಸಿಗಬೇಕು. ಆಮೇಲೆ ಬಂಗಾರ ಹಚ್ಚುತ್ತೇವೆ. ಸೆರಗು ಭುಜದ ಮೇಲಿದ್ದಾಗ ಮಾತ್ರ ಇನ್ನೂ ತೊಂದರೆ ಇದೆ. ಮೆಶ್‌ಗೆ ಅದು ಚರ್ಮವೋ ಬಟ್ಟೆಯೋ ಗೊತ್ತಾಗುವುದಿಲ್ಲ, ಸರ ರೇಷ್ಮೆಯ ಮಡಿಕೆಯ ಒಳಗೆ ಹುಗಿದುಹೋಗುತ್ತದೆ. ಸದ್ಯಕ್ಕೆ ಸೆರಗು ಸ್ವಲ್ಪ ಸರಿಸಿಕೊಳ್ಳಿ ಎಂದು ಪರದೆಯ ಮೇಲೇ ಕೇಳುತ್ತಿದ್ದೇವೆ. ಬಟ್ಟೆ ಮತ್ತು ಚರ್ಮವನ್ನು ಬೇರೆ ಮಾಡುವ ಮಾಸ್ಕ್ ಮೇಲೆ ಈಗ ಕೆಲಸ ನಡೆದಿದೆ.