ಜಾಕೆಟ್ಟಿನ ಒಳಗೆ ಉಳಿದಿದ್ದ ಕಾಗದ

ಹಳೆ ಪುಸ್ತಕ ಕೊಂಡು ಮಾರುವುದು ನನ್ನ ಕೆಲಸ. ಮಾರಿದ ಪುಸ್ತಕ ವಾಪಸ್ ಬಂದರೆ ಅದರಲ್ಲಿ ಏನು ಕೊರತೆ ಅಂತ ಮೊದಲು ನೋಡುತ್ತೇನೆ. ಮಿಕ್ಕ ಮಾತು ಆಮೇಲೆ.

ಈ ಕಾದಂಬರಿ ಮಾರಿ ಮೂರು ವಾರಕ್ಕೆ ವಾಪಸ್ ಬಂತು. ಕೊಂಡಿದ್ದ ಹೆಂಗಸು ಪುಸ್ತಕ ತೆರೆದು ತೋರಿಸಿದರು. "ನೋಡಿ ಸರ್, 112ನೇ ಪುಟ ಆದ್ಮೇಲೆ ಮತ್ತೆ 97 ಬರುತ್ತೆ. ಹಿಂದಿನ ಪುಟಾನೇ ತಿರುಗಿಸ್ತಿದ್ದೀನೇನೋ ಅಂತ ಎರಡು ಸಲ ನೋಡ್ದೆ."

ಅದು ಬೈಂಡಿಂಗಿನ ತಪ್ಪು. ಒಂದು ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಮಾಡಿ ಮಡಚಿದರೆ ಒಂದು ಫಾರಂ ಆಗುತ್ತದೆ. ಈ ಪುಸ್ತಕದಲ್ಲಿ ಫಾರಂಗೆ 16 ಪುಟ. ಫಾರಂಗಳನ್ನು ಜೋಡಿಸುವಾಗ ಏಳನೆಯದು ಎರಡು ಸಲ ಸೇರಿತ್ತು, ಎಂಟನೆಯದು ಬಿಟ್ಟುಹೋಗಿತ್ತು. ಹಾಗಾಗಿ 97ರಿಂದ 112 ಎರಡು ಸಲ, ಆಮೇಲೆ ನೇರವಾಗಿ 129. ನಡುವಿನ 16 ಪುಟ ಇಲ್ಲವೇ ಇಲ್ಲ. ಒಂದು ಫಾರಂ ಜಾಸ್ತಿ, ಒಂದು ಕಡಿಮೆ ಆದ್ದರಿಂದ ಪುಸ್ತಕದ ದಪ್ಪದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಳ್ಳುವಾಗ ನಾನು ಮೊದಲ ಪುಟ, ಕೊನೆಯ ಪುಟ ನೋಡಿ, ನಡುವೆ ಹಾಗೇ ಹೆಬ್ಬೆರಳು ಓಡಿಸಿದ್ದೆ. ಅದು ಸಾಲಲಿಲ್ಲ. ಅವರ ಹಣ ವಾಪಸ್ ಕೊಟ್ಟೆ.

ಪುಸ್ತಕವನ್ನು ಇನ್ನು ಮಾರುವ ಹಾಗಿರಲಿಲ್ಲ. ಮೇಲಿದ್ದ ಪ್ಲಾಸ್ಟಿಕ್ ಹೊದಿಕೆಯಾದರೂ ಇನ್ನೊಂದಕ್ಕೆ ಆಗಲಿ ಅಂತ ಬಿಚ್ಚಿದೆ. ಹಿಂದಿನ ರಟ್ಟಿಗೂ, ರಟ್ಟಿನ ಮೇಲೆ ಸುತ್ತಿ ಒಳಕ್ಕೆ ಮಡಚಿದ ಕಾಗದದ ಜಾಕೆಟ್ಟಿಗೂ ನಡುವಿನಿಂದ ಒಂದು ಲಕೋಟೆ ಜಾರಿ ಮೇಜಿನ ಮೇಲೆ ಬಿತ್ತು.

ಪುಸ್ತಕ ಕೊಂಡ ದಿನವೇ ರಟ್ಟು ಹಿಡಿದು, ಪುಟ ಕೆಳಗೆ ಮಾಡಿ ಕೊಡವಿದ್ದೆ. ಬಸ್ ಟಿಕೆಟ್, ಫೋಟೋ, ಒಣ ಎಲೆ ಎಲ್ಲ ಹಾಗೆ ಉದುರುತ್ತವೆ. ಆದರೆ ಜಾಕೆಟ್ಟಿನ ಮಡಿಕೆಯನ್ನು ಪ್ಲಾಸ್ಟಿಕ್ಕಿನ ಒಳಗೆ ಸೇರಿಸಿ ಟೇಪ್ ಹಚ್ಚಿದ್ದರೆ, ಎಷ್ಟು ಕೊಡವಿದರೂ ಅಲ್ಲಿರುವುದು ಬೀಳುವುದಿಲ್ಲ.

ಲಕೋಟೆಯ ಮೇಲೆ ಒಂದು ಹೆಸರು, ವಿಳಾಸ. ಅಂಚೆಚೀಟಿ ಇಲ್ಲ, ಮೊಹರಿಲ್ಲ. ಬಾಯಿ ಅಂಟಿಸಿರಲಿಲ್ಲ, ಗೋಂದಿನ ಪಟ್ಟಿ ಇನ್ನೂ ಹೊಳೆಯುತ್ತಿತ್ತು. ನಾನು ಕಾಗದ ಎಳೆದು ಎರಡು ಸಾಲು ಓದಿಬಿಟ್ಟೆ. ಮೂರನೆಯ ಸಾಲಿಗೆ ಹೋಗುವಾಗ ನಾಚಿಕೆಯಾಯಿತು. ಮಡಚಿ ಒಳಗಿಟ್ಟೆ.

ಆಮೇಲೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಪುಸ್ತಕ ವಾಪಸ್ ಕೊಟ್ಟವರದೇ ಇರಬೇಕು ಅಂದುಕೊಂಡು ತಕ್ಷಣ ಅವರಿಗೆ ಫೋನ್ ಮಾಡಿದೆ. "ಪುಸ್ತಕದಲ್ಲಿ ನಿಮ್ಮ ಕಾಗದ ಉಳಿದಿದೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗುರುತು ಸಿಗಲಿ ಅಂತ ಲಕೋಟೆಯ ಮೇಲಿನ ಹೆಸರನ್ನೂ ಓದಿ ಹೇಳಿದೆ.

"ನನ್ದಲ್ಲ ಸರ್. ಯಾರದು ಅದು? ಏನಂತ ಬರೆದಿದ್ದಾರೆ?"

ಅವರು ಕೇಳಿದ್ದು ಸಹಜ. ಆದರೆ ಯಾರೋ ಒಬ್ಬರು ಬರೆದು ಯಾರಿಗೂ ತೋರಿಸದೆ ಇಟ್ಟಿದ್ದ ಕಾಗದದ ವಿಷಯ, ಸಂಬಂಧವೇ ಇಲ್ಲದ ಇನ್ನೊಬ್ಬರ ಕಿವಿಗೆ ಬಿದ್ದಾಗಿತ್ತು. ಹಾಕಿದ್ದು ನಾನೇ. ಏನೋ ಹೇಳಿ ಫೋನ್ ಇಟ್ಟೆ.

ಒಂದು ನಿಮಿಷ ನಿಂತು ಪುಸ್ತಕವನ್ನು ನೋಡಿದ್ದರೆ ಆ ಫೋನೇ ಬೇಕಿರಲಿಲ್ಲ. ಹಿಂದಿನ ರಟ್ಟಿಗೆ ಒಳಗಡೆ ಅಂಟಿಸಿದ ಬಿಳಿ ಹಾಳೆಯ ಮೇಲೆ ಕಂದು ಬಣ್ಣದ ಆಯತಾಕಾರದ ಕಲೆ ಇತ್ತು. ಲಕೋಟೆಯನ್ನು ಅದರ ಮೇಲಿಟ್ಟೆ, ಅಂಚಿಗೆ ಅಂಚು ಕೂತಿತು. ಅಗ್ಗದ ಕಾಗದದಲ್ಲಿ ಮರದ ತಿರುಳಿನ ಆಮ್ಲ ಉಳಿದಿರುತ್ತದೆ. ಅದು ನಿಧಾನವಾಗಿ ಪಕ್ಕದ ಹಾಳೆಗೆ ಹತ್ತಿ ಕಂದು ನೆರಳು ಬಿಡುತ್ತದೆ. ಹಳೆ ಪುಸ್ತಕದಲ್ಲಿ ಪತ್ರಿಕೆಯ ತುಂಡು ಇಟ್ಟಲ್ಲಿ ಇದನ್ನು ನೀವೂ ನೋಡಿರಬಹುದು. ಈ ನೆರಳು ನೋಡಿ ಇಷ್ಟೇ ವರ್ಷ ಅಂತ ಹೇಳಲಾಗದು. ಸೆಕೆ, ತೇವ ಜಾಸ್ತಿ ಇದ್ದರೆ ಬೇಗ ಬರುತ್ತದೆ. ಆದರೆ ಅಷ್ಟು ಗಾಢವಾದ ಕಲೆ ಮೂರು ವಾರದಲ್ಲಿ ಬರುವುದಿಲ್ಲ. ಲಕೋಟೆ ನನ್ನ ಅಂಗಡಿಗೆ ಬರುವ ಮೊದಲೇ ಅಲ್ಲಿತ್ತು.

ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಬರೆಯುವುದು ನನ್ನ ಅಭ್ಯಾಸ. ಯಾವ ಲಾಟಿನಲ್ಲಿ ಬಂದ ಪುಸ್ತಕ ಅಂತ ಅದರಿಂದ ಗೊತ್ತಾಗುತ್ತದೆ. ರಿಜಿಸ್ಟರ್ ತೆಗೆದೆ. ಆ ಲಾಟನ್ನು ಕೊಟ್ಟವರು ಒಬ್ಬ ಹಿರಿಯರು, ತಮ್ಮದೇ ಪುಸ್ತಕ ಅಂತ ಬರೆಸಿದ್ದರು. ಲಕೋಟೆ ತಿರುಗಿಸಿದೆ. ಹಿಂಭಾಗದಲ್ಲಿ ಕಳಿಸುವವರ ಹೆಸರು ಸಣ್ಣಗೆ ಇತ್ತು. ಅದೇ ಹೆಸರು.

ಅಂಚೆಚೀಟಿ ಇಲ್ಲ ಅಂದಮಾತ್ರಕ್ಕೆ ಕಳಿಸದ ಕಾಗದ ಅನ್ನಲು ಆಗುವುದಿಲ್ಲ. ಕೈಯಲ್ಲಿ ಕೊಟ್ಟ ಕಾಗದಕ್ಕೂ ಚೀಟಿ ಇರುವುದಿಲ್ಲ, ಎಷ್ಟೋ ಸಲ ಬಾಯನ್ನೂ ಅಂಟಿಸಿರುವುದಿಲ್ಲ. ಆದರೆ ತಲುಪಿದ್ದರೆ ಅದು ಆ ಇನ್ನೊಬ್ಬರ ಮನೆಯಲ್ಲಿ ಇರಬೇಕಿತ್ತು, ಅಲ್ವಾ? ಬರೆದವರ ಪುಸ್ತಕದಲ್ಲೇ ಉಳಿದಿದೆ ಅಂದರೆ ಕಳಿಸಲಿಲ್ಲ ಅಂತಲೇ ಅರ್ಥ. ಇದಿಷ್ಟೂ ಲಕೋಟೆ, ರಟ್ಟು, ರಿಜಿಸ್ಟರಿನಿಂದಲೇ ತಿಳಿಯಿತು. ಆ ಎರಡು ಸಾಲು ನಾನು ಓದುವ ಅಗತ್ಯವೇ ಇರಲಿಲ್ಲ.

ಅಂಗಡಿಯ ಹುಡುಗ, "ಸರ್, ವಿಳಾಸ ಇದೆಯಲ್ಲ, ಚೀಟಿ ಹಚ್ಚಿ ನಾನೇ ಪೋಸ್ಟ್ ಮಾಡಿ ಬರ್ತೀನಿ" ಅಂದ. ಅವನದು ಒಳ್ಳೆ ಮನಸ್ಸು. ಒಂದು ಕ್ಷಣ ನನಗೂ ಅದೇ ಸರಿ ಅನಿಸಿತು.

"ಬೇಡಪ್ಪ. ಚೀಟಿ ಮರೆತು ಉಳಿದಿದ್ದಲ್ಲ ಅದು. ಅವರೇ ಕಳಿಸಿಲ್ಲ. ಈಗ ನಾವು ಕಳಿಸಿದ್ರೆ ಅವರು ತಡೆದಿದ್ದನ್ನ ನಾವು ಮಾಡಿದ ಹಾಗೆ."

"ಹಾಗಾದ್ರೆ ಹರಿದು ಹಾಕೋಣ್ವಾ?"

"ಅದೂ ನಮ್ಮ ಕೆಲಸ ಅಲ್ಲ."

ಪುಸ್ತಕ ಕೊಂಡರೆ ಒಳಗಿದ್ದದ್ದೆಲ್ಲ ಅಂಗಡಿಯದು ಅನ್ನುವವರು ನಮ್ಮ ವೃತ್ತಿಯಲ್ಲಿದ್ದಾರೆ. ಹಳೆ ಕಾಗದಗಳಿಗೂ ಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಹಿರಿಯರು ನನಗೆ ಮಾರಿದ್ದು ಕಾದಂಬರಿ. ಒಳಗೆ ಏನಿದೆ ಅಂತ ನೆನಪಿದ್ದಿದ್ದರೆ ತೆಗೆದುಕೊಂಡೇ ಕೊಡುತ್ತಿದ್ದರು.

ಅವರಿಗೆ ಫೋನ್ ಮಾಡಿದೆ. ಈ ಸಲ ಲಕೋಟೆಯ ಮೇಲಿನ ಹೆಸರು ಹೇಳಲಿಲ್ಲ. ಫೋನ್ ಹತ್ತಿರ ಬೇರೆ ಯಾರಿದ್ದಾರೋ ಗೊತ್ತಿಲ್ಲವಲ್ಲ. "ನೀವು ಕೊಟ್ಟ ಒಂದು ಪುಸ್ತಕದಲ್ಲಿ ನಿಮ್ಮ ಕಾಗದಪತ್ರ ಉಳಿದಿದೆ, ಬಿಡುವಾದಾಗ ಬನ್ನಿ" ಅಂದೆ ಅಷ್ಟೆ. ಅವರು ಬರುವವರೆಗೆ ಲಕೋಟೆಯನ್ನು ಪುಸ್ತಕದ ಜೊತೆಗೇ ಬೀಗ ಹಾಕುವ ಡ್ರಾಯರಿನಲ್ಲಿ ಇಟ್ಟೆ.

ಆ ವಾರದಿಂದ ಕೊಳ್ಳುವ ರೀತಿ ಬದಲಾಯಿಸಿದೆವು. ಫಾರಂ ಸೇರುವ ಕಡೆಗಳಲ್ಲಿ ಪುಟಸಂಖ್ಯೆ ನೋಡುತ್ತೇವೆ. ಜಾಕೆಟ್ ಇದ್ದರೆ ಎರಡೂ ಮಡಿಕೆ ಬಿಡಿಸುತ್ತೇವೆ. ಇದನ್ನೆಲ್ಲ ಮಾರುವವರ ಎದುರಿಗೇ ಮಾಡುತ್ತೇವೆ. ಏನಾದರೂ ಬಿದ್ದರೆ ಅವರೇ ಎತ್ತಿಕೊಳ್ಳಲಿ ಅಂತ. ಒಂದು ಲಾಟಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಹಿರಿಯರು ನಾಲ್ಕನೇ ದಿನ ಬಂದರು. ಲಕೋಟೆ ಕೈಗೆ ಕೊಟ್ಟೆ. ತುಂಬಾ ಹೊತ್ತು ಹೊರಗಿನ ಬರಹವನ್ನೇ ನೋಡುತ್ತಾ ನಿಂತರು.

"ಓದಿದ್ರಾ?"

"ಎರಡು ಸಾಲು ಓದಿಬಿಟ್ಟೆ. ತಪ್ಪಾಯ್ತು. ಹೊರಗಿನ ಹೆಸರು ಇನ್ನೊಬ್ಬರಿಗೂ ಹೇಳಿದ್ದೀನಿ, ನಿಮಗೆ ಫೋನ್ ಮಾಡೋಕೆ ಮುಂಚೆ." ಹೇಗಾಯಿತು ಅಂತ ಎಲ್ಲ ಹೇಳಿದೆ.

ಅವರು ತಲೆಯಾಡಿಸಿದರು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಹೇಳಲಿಲ್ಲ. "ಆ ಪುಸ್ತಕ ಇದೆಯಾ ಇನ್ನೂ?" ಅಂತ ಕೇಳಿದರು.

"ಇದೆ. ಆದ್ರೆ ನಡುವೆ 16 ಪುಟ ಇಲ್ಲ, 112 ಆದ್ಮೇಲೆ..."

"ಗೊತ್ತು. ನಾನೂ ಅಲ್ಲಿಗೇ ನಿಲ್ಲಿಸಿದ್ದೆ."

ಪುಸ್ತಕ ತೆಗೆದುಕೊಟ್ಟೆ. ಹಿಂದಿನ ರಟ್ಟು ತೆರೆದು ಆ ಕಂದು ಕಲೆಯನ್ನು ನೋಡಿದರು. ಲಕೋಟೆಯನ್ನು ಅದರ ಮೇಲೆ ಸರಿಯಾಗಿ ಇಟ್ಟರು. ಜಾಕೆಟ್ ಮಡಚಿದರು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಮೇಜಿನ ಮೇಲಿತ್ತು. ಹುಡುಗ ಅದನ್ನು ಎತ್ತಿಕೊಂಡು, "ಕೊಡಿ ಸರ್, ಹಾಕಿಕೊಡ್ತೀನಿ" ಅಂದ.