ಆಗಸ್ಟ್ ಎರಡನೇ ಶನಿವಾರದ ಪಗಾರ

ಪುಣೆಯಲ್ಲಿ ಆಫೀಸ್ ಇಂಟೀರಿಯರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯ ಅಕೌಂಟ್ಸ್ ನಾನು ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಹಿಂಜೆವಾಡಿಯಲ್ಲಿ ಒಂದು ಕೆಲಸ ಸಿಕ್ಕಿತು. ಜಿಎಸ್‌ಟಿ ಬಿಟ್ಟು 40 ಲಕ್ಷದ ಕಾಂಟ್ರಾಕ್ಟ್, ಖರ್ಚು 34 ಲಕ್ಷ. ಆರು ಲಕ್ಷ ಲಾಭ ಅಂತ ಎಲ್ಲರಿಗೂ ಖುಷಿ.

ಹಣ ಬರುವುದು ಮಾತ್ರ ಹಂತ ಹಂತವಾಗಿ. ಅಡ್ವಾನ್ಸ್ 4 ಲಕ್ಷ. ಸೀಲಿಂಗ್, ವೈರಿಂಗ್ ಮುಗಿದರೆ 12. ಫರ್ನಿಚರ್ ಕೂತ ಮೇಲೆ 12. ಕೀ ಒಪ್ಪಿಸಿದಾಗ 8. ಉಳಿದ 4 ಲಕ್ಷ ರಿಟೆನ್ಷನ್, ಆರು ತಿಂಗಳು ಕ್ಲೈಂಟ್ ಹತ್ತಿರವೇ. ಹಂತ ಮುಗಿದ ದಿನವೇ ದುಡ್ಡು ಬರುತ್ತೆ ಅಂದುಕೊಳ್ಳಬೇಡಿ. ಅವರ ಎಂಜಿನಿಯರ್ ಅಳತೆ ನೋಡಿ ಸಹಿ ಹಾಕೋಕೆ ಎರಡು ವಾರ, ಆಮೇಲೆ 30 ದಿನ. ಜೂನ್ ಕೊನೆಗೆ ಮುಗಿದ ಕೆಲಸದ 12 ಲಕ್ಷ ಬರುವುದು ಆಗಸ್ಟ್ ಮಧ್ಯದಲ್ಲಿ.

ನಾನು ತಿಂಗಳಿಗೊಂದು ಕಾಲಂ ಹಾಕಿ ಫೋರ್‌ಕಾಸ್ಟ್ ಮಾಡಿದ್ದೆ. ಜೂನ್‌ನಲ್ಲಿ 4 ಬಂತು, 9 ಹೋಯಿತು: ಮೈನಸ್ 5. ಜುಲೈನಲ್ಲಿ ಏನೂ ಬರಲಿಲ್ಲ, 12 ಹೋಯಿತು: ಮೈನಸ್ 17. ಆಗಸ್ಟ್‌ನಲ್ಲಿ 12 ಬಂದು 9 ಹೋದರೆ ಮೈನಸ್ 14. ಈ ಕೆಲಸಕ್ಕೆ ನಮ್ಮ ಕೈಲಿದ್ದದ್ದು 8 ಲಕ್ಷ ಸ್ವಂತ ಹಣ, 10 ಲಕ್ಷ ಬ್ಯಾಂಕ್ ಓವರ್‌ಡ್ರಾಫ್ಟ್. ಒಟ್ಟು 18. ಅತಿ ಆಳದ ಗುಂಡಿ 17 ತಾನೇ, ದಾಟುತ್ತೇವೆ ಅಂತ ಶೀಟ್ ಮುಚ್ಚಿದೆ.

ತಪ್ಪಾಗಿದ್ದು ಅಲ್ಲೇ. ತಿಂಗಳ ಕಾಲಂಗೆ ತಿಂಗಳ ಕೊನೆ ಮಾತ್ರ ಕಾಣುತ್ತದೆ. 12 ಲಕ್ಷ ಬರುವುದಕ್ಕೂ ಮುಂಚಿನ ಎರಡು ವಾರ ಅದರೊಳಗೆ ಅಡಗಿ ಕೂತಿತ್ತು. ಮೊದಲ ಶನಿವಾರ ಕಾರ್ಪೆಂಟರ್‌ಗಳ ಪಗಾರ 80 ಸಾವಿರ ಹೋಯಿತು. ಉಳಿದದ್ದು 20 ಸಾವಿರ. ಮರು ವಾರ ಹಾರ್ಡ್‌ವೇರ್ ಅಂಗಡಿಗೆ ಕೊಟ್ಟಿದ್ದ 3 ಲಕ್ಷದ ಚೆಕ್, ಮತ್ತೆ 80 ಸಾವಿರ ಪಗಾರ. ನಿಜವಾದ ಗುಂಡಿ 21.6 ಲಕ್ಷ!

ಶನಿವಾರ ಸಂಜೆ ವಿಜಯಪುರ ಕಡೆಯ ಮೇಸ್ತ್ರಿ ಆಫೀಸಿನ ಬಾಗಿಲಲ್ಲಿ ನಿಂತು, “ಅಕ್ಕಾರ, ಹುಡುಗರು ಊರಿಗೆ ರೊಕ್ಕ ಕಳಸಬೇಕಂತಾರ್ರಿ” ಅಂದರು. ಶೀಟ್‌ನಲ್ಲಿ ಲಾಭ ಇದೆ ಅಂತ ಅವರಿಗೆ ಹೇಳೋಕಾಗುತ್ತಾ? ಅಂಗಡಿಯವರಿಗೆ ಫೋನ್ ಮಾಡಿ, ಚೆಕ್ 18ನೇ ತಾರೀಖಿನವರೆಗೆ ಹಾಕಬೇಡಿ ಅಂತ ಕೇಳಿಕೊಂಡೆ. ಪಗಾರಕ್ಕೆ ಕಡಿಮೆ ಬಿದ್ದ 60 ಸಾವಿರವನ್ನು ಸಾಹೇಬರು ಮನೆಯಿಂದ ತಂದರು. 16ಕ್ಕೆ 12 ಲಕ್ಷ ಬಂತು.

ಈಗ ನಮ್ಮ ಶೀಟ್ ವಾರದ್ದು. ಜಿಎಸ್‌ಟಿಗೂ ಬೇರೆ ಸಾಲು ಇದೆ. ಬಿಲ್ ಹಾಕಿದ ಮುಂದಿನ ತಿಂಗಳ 20ಕ್ಕೆ ಅದನ್ನು ಕಟ್ಟಬೇಕು, ಕ್ಲೈಂಟ್ ಕೊಟ್ಟಿರಲಿ ಬಿಡಲಿ. ಮುಂದಿನ ಕಾಂಟ್ರಾಕ್ಟ್‌ನಲ್ಲಿ ಮೊದಲ ಹಂತವನ್ನು ಎರಡು ಮಾಡಿದೆವು: ಪ್ಲೈವುಡ್, ಜಿಪ್ಸಮ್ ಸೈಟಿಗೆ ಇಳಿದಾಗ ಅರ್ಧ, ಕೆಲಸ ಮುಗಿದಾಗ ಇನ್ನರ್ಧ. ಹಿಂಜೆವಾಡಿ ಲೆಕ್ಕದಲ್ಲಿ ಹಾಗೆ ಮಾಡಿ ನೋಡಿದೆ. ಜುಲೈ ಕೊನೆಗೇ 6 ಲಕ್ಷ ಬಂದು, ಗುಂಡಿ 15.6ಕ್ಕೆ ನಿಲ್ಲುತ್ತಿತ್ತು. ಲಾಭ ಅದೇ ಆರು ಲಕ್ಷ. ಕ್ಲೈಂಟ್ ಸುಮ್ನೆ ಒಪ್ಪಲಿಲ್ಲ ಬಿಡಿ, ಲೋಡ್ ಇಳಿದಾಗಲೆಲ್ಲ ಅವರ ಎಂಜಿನಿಯರ್ ಬಂದು ಶೀಟ್ ಶೀಟ್ ಎಣಿಸುತ್ತಾರೆ.