ನಾಯಿ ಆದ ಮೇಲೊಂದು ಕಾಮಾ

ಬಳ್ಳಾರಿ ಬಿಸಿಲು. ಮಾಳಿಗೆ ತುಂಬ ಸಂಡಿಗೆ, ಮೆಣಸಿನಕಾಯಿ. ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪಿಗೆ ಹಾಕಲು ಬರೆದೆ: "ಇನ್ನಾದರೂ ನಿಮ್ಮ ನಾಯಿ ಮಕ್ಕಳನ್ನು ಮಾಳಿಗೆಗೆ ಬಿಡಬೇಡಿ."

ಮನಸ್ಸಲ್ಲಿ ಓದಿದಾಗ ಸರಿಯಾಗೇ ಇತ್ತು. ಬರೆದವನು ನಾನೇ ಅಲ್ವಾ, 'ನಾಯಿ' ಆದ ಮೇಲೆ ತಾನಾಗಿಯೇ ತಡೆದು ಓದಿಕೊಂಡಿದ್ದೆ. ಆಮೇಲೆ ಕಾಮಾ ಇಲ್ಲದ ಕಡೆ ಎಲ್ಲೂ ನಿಲ್ಲಿಸದೆ ಜೋರಾಗಿ ಓದಿದೆ. ಅಡುಗೆಮನೆಯಿಂದ ಅಮ್ಮ, "ಯಾರಿಗೋ ಬೈಯಾಕತ್ತೀ?" ಅಂದರು!

ಕಾಮಾ ಹಾಕಿದರೂ ಸಾಲದು, ಅವಸರದಲ್ಲಿ ಓದುವವರಿಗೆ ಅದು ಕಾಣುವುದೇ ಇಲ್ಲ. ಆ ಎರಡು ಪದ ಅಕ್ಕಪಕ್ಕ ಇರಲೇಬಾರದು. "ಮಕ್ಕಳನ್ನಾಗಲಿ, ನಾಯಿಯನ್ನಾಗಲಿ" ಎಂದು ಬದಲಿಸಿದೆ.

ಇನ್ನೊಂದು ಸಲ, ಮೊನ್ನೆ ಪಾರ್ಕಿಂಗ್ ವಿಷಯಕ್ಕೆ ನನ್ನ ಮೇಲೆ ಸಿಟ್ಟಾದ ಕೆಳಗಿನ ಮನೆಯವರಾಗಿ ಓದಿದೆ. ಕಿವಿಗೆ ಸಿಗದ ಮುಳ್ಳು ಆಗ ಸಿಕ್ಕಿತು. "ಇನ್ನಾದರೂ" ಅಂದರೆ, ಇಷ್ಟು ದಿನ ತಪ್ಪು ಮಾಡಿದ್ದು ನಾವಾ? "ನಿಮ್ಮ" ಇನ್ನೂ ಕೆಟ್ಟದ್ದು. ಇಡೀ ಬಿಲ್ಡಿಂಗ್‌ನಲ್ಲಿ ನಾಯಿ ಇರುವುದು ಅವರೊಬ್ಬರ ಮನೆಯಲ್ಲೇ. ಎರಡನ್ನೂ ತೆಗೆದು, "ಸಂಡಿಗೆ ಒಣಗುತ್ತಿದೆ, ಸಂಜೆ 5ರವರೆಗೆ" ಎಂದು ಕಾರಣ, ಹೊತ್ತು ಸೇರಿಸಿ ಕಳಿಸಿದೆ.

ಅವರಿಂದ ಒಂದು ಹೆಬ್ಬೆರಳು ಬಂತು. ಅದನ್ನ ಜೋರಾಗಿ ಹೇಗೆ ಓದುವುದೋ ಗೊತ್ತಾಗಲಿಲ್ಲ.